ಮೂರು ಸೀಸನ್, ಒಂದು ಹಳ್ಳ: ಪಲ್ಪರ್ ನೀರಿನ ಪ್ರಕರಣ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗಡಿಯಲ್ಲಿರುವ ಒಂದು ಸಣ್ಣ ಊರಿನ ಕಥೆ ಇದು. ಊರಿನ ಹೆಸರು ಬೇಡ, ಹಳ್ಳದ ಹೆಸರೂ ಬೇಡ. ಹೇಮಾವತಿಗೆ ಸೇರುವ ಇಂಥ ಹಳ್ಳಗಳು ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ಇವೆ. ಜನರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ವಕೀಲ. ಊರಿನವರ ಕಾಗದಪತ್ರ ನೋಡಿಕೊಂಡವನು ನಾನೇ. ಹಾಗಾಗಿ ಕೆಳಗೆ ಬರುವ ತಪ್ಪುಗಳಲ್ಲಿ ಒಂದೆರಡು ನನ್ನವೂ ಇವೆ.

ನೀತಿ ಟಿಪ್ಪಣಿಯೊಂದನ್ನು ಬರೆಯುತ್ತಿದ್ದ ಗೆಳೆಯರೊಬ್ಬರು, "ಮಲಿನ ಮಾಡಿದವರೇ ತೆರಬೇಕು ಅನ್ನೋ ತತ್ವಕ್ಕೂ ಮುನ್ನೆಚ್ಚರಿಕೆ ತತ್ವಕ್ಕೂ ಸಣ್ಣ ಸಣ್ಣ ಉದಾಹರಣೆ ಕೊಡಿ" ಅಂದರು. ಎರಡೂ ಒಂದೇ ಹಳ್ಳದಲ್ಲಿ ಸಿಕ್ಕಿದ್ದರಿಂದ ಇದನ್ನು ಬರೆದೆ.

ತೋಟ, ಪಲ್ಪರ್, ಹಳ್ಳ

ಹಳ್ಳದ ಮೇಲ್ಭಾಗದಲ್ಲಿ ಒಂದು ಕಾಫಿ ತೋಟ. ಅಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ಬೀಜದ ಮೇಲಿನ ಲೋಳೆ ತೊಳೆದು, ಕಣದಲ್ಲಿ ಒಣಗಿಸಿ ಪಾರ್ಚ್‌ಮೆಂಟ್ ಮಾಡುತ್ತಾರೆ. ತೊಳೆದ ನೀರಿನಲ್ಲಿ ವಿಷವೇನೂ ಇಲ್ಲ, ಇರುವುದು ಸಕ್ಕರೆ ಮತ್ತು ಪೆಕ್ಟಿನ್. ತೊಂದರೆ ಆಗುವುದೇ ಅದರಿಂದ. ಸಕ್ಕರೆ ಸಿಕ್ಕಿದ ಕೂಡಲೇ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ನೀರು ಹುಳಿಯಾಗುತ್ತದೆ, ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ.

ಕಾಲವೂ ಕೆಟ್ಟದು. ಅರೇಬಿಕಾ ಕೊಯ್ಲು ನಡೆಯುವುದು ನವೆಂಬರ್‌ನಿಂದ ಜನವರಿವರೆಗೆ. ಮಳೆ ನಿಂತು ಹಳ್ಳ ಸೊರಗುವುದೂ ಆಗಲೇ. ಜುಲೈನಲ್ಲಿ ಇದೇ ನೀರು ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಡಿಸೆಂಬರ್‌ನಲ್ಲಿ ಹಾಗಲ್ಲ.

ಹಳ್ಳದ ಕೆಳಗಡೆ ಹದಿನೆಂಟು ಮನೆಗಳಿವೆ. ಅದರಲ್ಲಿ ಮೂರು ಮನೆಯವರ ಬಾವಿ ಹಳ್ಳದ ದಡಕ್ಕೇ ಅಂಟಿಕೊಂಡಿದೆ. ಹದಿನೆಂಟರಲ್ಲಿ ಹನ್ನೊಂದು ಮನೆಯವರು ಅದೇ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಕಾನೂನು ಪುಸ್ತಕದಲ್ಲಿ ಈ ಸಂಗತಿ ಇರುವುದಿಲ್ಲ. ಆದರೆ ಈ ಪ್ರಕರಣದಲ್ಲಿ ತೆಗೆದುಕೊಂಡ ಎಲ್ಲ ತೀರ್ಮಾನದ ಹಿಂದೆಯೂ ಅದು ಇತ್ತು.

ಮೊದಲ ಸೀಸನ್: ನೀರಿನ ಬಾಟಲಿ

ಡಿಸೆಂಬರ್ ಎರಡನೇ ವಾರ ಹಳ್ಳ ಕಪ್ಪಾಯಿತು, ಮೀನು ತೇಲಿದವು. ಊರಿನ ಇಬ್ಬರು ಹುಡುಗರು ಹಳೇ ನೀರಿನ ಬಾಟಲಿಯಲ್ಲಿ ಹಳ್ಳದ ನೀರು ಹಿಡಿದು, ನಾಲ್ಕು ದಿನ ಮನೆಯಲ್ಲಿಟ್ಟು, ಆಮೇಲೆ ಬಸ್ಸಿನಲ್ಲಿ ನನ್ನ ಹತ್ತಿರ ತಂದರು. ನಾನು ಅದನ್ನು ಖಾಸಗಿ ಲ್ಯಾಬಿಗೆ ಕಳಿಸಿದೆ. ವರದಿ ಬಂತು. ಅದನ್ನಿಟ್ಟುಕೊಂಡು ತೋಟದ ಮಾಲೀಕರಿಗೆ ನೋಟಿಸ್ ಕೊಟ್ಟೆ, ಪರಿಹಾರ ಕೇಳಿದೆ.

ಇದು ನನ್ನ ಮೊದಲ ತಪ್ಪು. ಈ ಪರೀಕ್ಷೆಯ ಹೆಸರು ಬಿಒಡಿ. ನೀರನ್ನು 27 ಡಿಗ್ರಿ ಶಾಖದಲ್ಲಿ ಮೂರು ದಿನ ಇಟ್ಟು, ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸಿದವು ಎಂದು ಅಳೆಯುತ್ತಾರೆ. ಅಳೆಯುವ ಮೊದಲೇ ಬಾಟಲಿ ನಾಲ್ಕು ದಿನ ಅಟ್ಟದ ಮೇಲೆ ಕೂತಿದ್ದರೆ, ಸೂಕ್ಷ್ಮಜೀವಿಗಳು ಅಲ್ಲೇ ಅರ್ಧ ಊಟ ಮುಗಿಸಿರುತ್ತವೆ. ನೀರನ್ನು ಐಸ್‌ನಲ್ಲಿಟ್ಟು ಒಂದು ದಿನದೊಳಗೆ ಲ್ಯಾಬಿಗೆ ಮುಟ್ಟಿಸಬೇಕಿತ್ತು.

ಮುಟ್ಟಿಸಿದ್ದರೂ ಉಪಯೋಗ ಕಡಿಮೆ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಆ ಕಾಯ್ದೆಯಡಿ ಕ್ರಮಕ್ಕೆ ನಿಲ್ಲುವ ಸ್ಯಾಂಪಲ್ ತೆಗೆಯುವುದಕ್ಕೆ ಒಂದು ಕ್ರಮ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಸ್ಥಳದಲ್ಲೇ ಮಾಲೀಕರಿಗೋ ಅವರ ಕಡೆಯವರಿಗೋ ನೋಟಿಸ್ ಕೊಡಬೇಕು. ಅವರ ಎದುರೇ ನೀರನ್ನು ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿಯನ್ನು ಸಾಕ್ಷಿಯಾಗಿ ಒಪ್ಪುವುದಿಲ್ಲ.

ಮಾಲೀಕರು ನೋಟಿಸಿಗೆ ಉತ್ತರ ಬರೆಯಲಿಲ್ಲ, ಫೋನ್ ಮಾಡಿದರು. "ನೀರು ಕಪ್ಪಾಗಿದೆ ಅಂತ ನಾನೂ ಒಪ್ತೀನಿ ಲಾಯರ್ರೇ. ಆದ್ರೆ ನನ್ನ ಮೇಲ್ಗಡೆ ಇನ್ನೂ ಎರಡು ತೋಟ ಇದೆ. ಇದು ನಂದೇ ನೀರು ಅಂತ ತೋರಿಸಿ, ದುಡ್ಡು ಕೊಡ್ತೀನಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಪಲ್ಪರ್‌ಗಿಂತ ಮೇಲೆ ಹಳ್ಳ ಹೇಗಿತ್ತು ಎಂದು ನಾವು ನೋಡಿರಲೇ ಇಲ್ಲ.

ಅಧಿಕಾರಿಗಳು ಬರುವ ಹೊತ್ತಿಗೆ ಪಲ್ಪಿಂಗ್ ಮುಗಿದಿತ್ತು, ಹಳ್ಳ ತಿಳಿಯಾಗಿತ್ತು.

ತತ್ವ ಹೇಳುವುದೇನು

ಮಲಿನ ಮಾಡಿದವರೇ ತೆರಬೇಕು ಅನ್ನುವ ತತ್ವಕ್ಕೆ ನಮ್ಮಲ್ಲಿ ಗಟ್ಟಿ ಬುನಾದಿ ಹಾಕಿದ್ದು ರಾಜಸ್ಥಾನದ ಬಿಛ್ಡಿ ಪ್ರಕರಣ. ಉದಯಪುರದ ಹತ್ತಿರ ಬಣ್ಣ ತಯಾರಿಕೆಗೆ ಬಳಸುವ ಎಚ್-ಆಸಿಡ್ ತಯಾರಿಸುತ್ತಿದ್ದ ಕಾರ್ಖಾನೆಗಳ ತ್ಯಾಜ್ಯ ನೆಲಕ್ಕಿಳಿದು ಬಾವಿಗಳು ಕೆಟ್ಟಿದ್ದವು. 1996ರಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರ ನಷ್ಟ ಮಾತ್ರ ಅಲ್ಲ, ಕೆಟ್ಟ ನೆಲ–ನೀರನ್ನು ಸರಿಪಡಿಸುವ ಖರ್ಚನ್ನೂ ಕೆಡಿಸಿದವರೇ ಕೊಡಬೇಕು ಎಂದಿತು. ಹಣ ಮಾತ್ರ ಬರಲಿಲ್ಲ. 2011ರಲ್ಲಿ ಅದೇ ಕೋರ್ಟ್ 37.385 ಕೋಟಿ ರೂಪಾಯಿಯನ್ನು ಚಕ್ರಬಡ್ಡಿ ಸಮೇತ ಕಟ್ಟಿ ಎಂದು ಮತ್ತೆ ಹೇಳಬೇಕಾಯಿತು. ನೀತಿ ಟಿಪ್ಪಣಿ ಬರೆಯುವವರು 1996ರ ಸಾಲನ್ನು ಉದ್ಧರಿಸಿ ಸುಮ್ಮನಾಗುತ್ತಾರೆ. ಆ 15 ವರ್ಷವನ್ನೂ ಬರೆಯಬೇಕು ಅಲ್ವಾ?

ಅದೇ 1996ರಲ್ಲಿ ವೆಲ್ಲೂರು ಪ್ರಕರಣ ಬಂತು. ತಮಿಳುನಾಡಿನ ಪಾಲಾರ್ ನದಿಯನ್ನು ಕೆಡಿಸಿದ ಚರ್ಮ ಹದ ಮಾಡುವ ಘಟಕಗಳು ಅಲ್ಲಿ ಕಟಕಟೆಯಲ್ಲಿದ್ದವು. ಈ ತತ್ವವೂ ಮುನ್ನೆಚ್ಚರಿಕೆ ತತ್ವವೂ ದೇಶದ ಕಾನೂನಿನ ಭಾಗ ಎಂದು ಕೋರ್ಟ್ ಹೇಳಿದ್ದು ಇಲ್ಲೇ. ನಮಗೆ ಬೇಕಾದ ಇನ್ನೊಂದು ಮಾತೂ ಅದರಲ್ಲಿತ್ತು: ತನ್ನ ಕೆಲಸದಿಂದ ಪರಿಸರಕ್ಕೆ ಹಾನಿ ಇಲ್ಲ ಎಂದು ತೋರಿಸುವ ಹೊಣೆ ಆ ಕೆಲಸ ಮಾಡುವವರದ್ದು. ಆ ಮಾತು ನನಗೆ ಗೊತ್ತಿರಲಿಲ್ಲ ಅಂತಲ್ಲ. ಅದನ್ನು ಯಾವಾಗ ಬಳಸಬೇಕು ಅನ್ನುವುದು ಗೊತ್ತಾಗಲು ಎರಡು ಸೀಸನ್ ಹೋಯಿತು.

ಎರಡನೇ ಸೀಸನ್: 75 ಸಾವಿರ ರೂಪಾಯಿ

ಮುಂದಿನ ವರ್ಷ ನಾವು ಕಾಯುತ್ತಿದ್ದೆವು. ಪಲ್ಪರ್ ನೀರು ತುಂಬಿಡಲು ತೋಟದವರು ತೋಡಿದ್ದ ಟ್ಯಾಂಕ್ ತುಂಬಿ ಕಟ್ಟೆ ಮೇಲಿಂದ ನೀರು ಇಳಿಯಲು ಶುರುವಾದ ದಿನವೇ ಫೋನ್ ಹೋಯಿತು, ಇಮೇಲ್ ಹೋಯಿತು. ಅಧಿಕಾರಿ ಬಂದಾಗ ಒಂದನ್ನು ಮಾತ್ರ ಕೈ ಮುಗಿದು ಕೇಳಿಕೊಂಡೆವು: ಮೂರು ಕಡೆ ಸ್ಯಾಂಪಲ್ ತೆಗೆಯಿರಿ. ಪಲ್ಪರ್‌ಗಿಂತ ಮೇಲೆ ಒಂದು, ಟ್ಯಾಂಕಿನಿಂದ ನೀರು ಉಕ್ಕುವ ಜಾಗದಲ್ಲಿ ಒಂದು, ಹಳ್ಳದಲ್ಲಿ ಮುನ್ನೂರು ಮೀಟರ್ ಕೆಳಗೆ ಒಂದು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಎದುರೇ ಸೀಲ್ ಆಯಿತು, ಅವರೇ ಸಹಿ ಮಾಡಿದರು.

ಫಲಿತಾಂಶ ಹೀಗಿತ್ತು. ಮೇಲೆ ಬಿಒಡಿ ಲೀಟರಿಗೆ 4 ಮಿಲಿಗ್ರಾಂ. ಉಕ್ಕುವ ಜಾಗದಲ್ಲಿ 2,400. ಕೆಳಗೆ 85. ಹಳ್ಳ–ನದಿಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ 30. "ಮೇಲಿನ ತೋಟದವರದ್ದು" ಅನ್ನುವ ಮಾತು ಆ 4ರಲ್ಲೇ ಮುಗಿಯಿತು. ಮೂರು ಬಾಟಲಿಗಳಲ್ಲಿ ಜಾಸ್ತಿ ಕೆಲಸ ಮಾಡಿದ್ದು ಅತ್ಯಂತ ತಿಳಿಯಾದ ನೀರಿದ್ದ ಬಾಟಲಿ.

ಆಮೇಲೆ ಪರಿಸರ ಪರಿಹಾರದ ಲೆಕ್ಕ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಇದು:

```
EC = PI × N × R × S × LF
```

ಪಿಐ ಅಂದರೆ ಉದ್ದಿಮೆಯ ವರ್ಗಕ್ಕೆ ಕೊಟ್ಟ ಅಂಕ: ಕೆಂಪಿಗೆ 80, ಕಿತ್ತಳೆಗೆ 50, ಹಸಿರಿಗೆ 30. ಎನ್ ಅಂದರೆ ಉಲ್ಲಂಘನೆಯ ದಿನಗಳು. ಆರ್ ರೂಪಾಯಿ ಅಂಶ, ಸಾಮಾನ್ಯವಾಗಿ 250. ಎಸ್ ಘಟಕದ ಗಾತ್ರ, ಚಿಕ್ಕದಕ್ಕೆ 0.5. ಎಲ್‌ಎಫ್ ಜಾಗ, ದೊಡ್ಡ ನಗರದ ಹತ್ತಿರ ಇಲ್ಲದಿದ್ದರೆ 1. ನಮ್ಮ ಪ್ರಕರಣದಲ್ಲಿ ಕಿತ್ತಳೆ ವರ್ಗ ಎಂದು ಹಿಡಿದರು. ದಿನಕ್ಕೆ 6,250 ರೂಪಾಯಿ ಆಯಿತು. ಸೂತ್ರದಲ್ಲಿ ದಿನಕ್ಕೆ 5,000ಕ್ಕಿಂತ ಕಡಿಮೆ ಆಗಬಾರದು ಎಂದೂ ಇದೆ, ಇದು ಅದಕ್ಕಿಂತ ಮೇಲೇ.

ಈಗ ಎನ್. ಊರಿನವರು ಹೇಳಿದ್ದು 40 ದಿನ. ಅಧಿಕಾರಿ ಹಿಡಿದದ್ದು 12 ದಿನ. ತಪಾಸಣೆಯಲ್ಲಿ ಉಲ್ಲಂಘನೆ ಕಂಡ ದಿನದಿಂದ, ನೀರು ನಿಂತಿದೆ ಎಂದು ಮತ್ತೆ ಬಂದು ನೋಡಿದ ದಿನದವರೆಗೆ. 40 ದಿನ ಆಗಿದ್ದರೆ 2,50,000 ರೂಪಾಯಿ. ಬಂದದ್ದು 75,000. ಊರಿನವರಿಗೆ ಸಿಟ್ಟು ಬಂತು. ಅಧಿಕಾರಿ ಮಾಡಿದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ತಾನು ಕಂಡ ದಿನಗಳನ್ನಷ್ಟೇ ಅವರು ಬರೆಯಬಲ್ಲರು. ಹತ್ತು ವಾರದಲ್ಲಿ ಮುಗಿಯುವ ಮಾಲಿನ್ಯಕ್ಕೆ, ವರ್ಷವಿಡೀ ಓಡುವ ಕಾರ್ಖಾನೆಗೆ ಹೊಂದುವ ಸೂತ್ರ ಹಾಕಿದರೆ ಹೀಗೇ ಆಗುತ್ತದೆ.

ಇನ್ನೂ ಒಂದು ಏಟು ಬಾಕಿ ಇತ್ತು. ಆ 75,000 ಮಂಡಳಿಯ ಖಾತೆಗೆ ಹೋಗುತ್ತದೆ, ಬಾವಿ ಕೆಟ್ಟವರ ಕೈಗಲ್ಲ. ಇದನ್ನು ಹೇಳಿದಾಗ ಬಾವಿ ಮನೆಯ ಅಜ್ಜಿಯೊಬ್ಬರು, "ಹಂಗಾದ್ರೆ ನಾವು ಯಾರಿಗೆ ದುಡುದ್ವಿ?" ಅಂದರು.

ನಷ್ಟದ ಹಣ ಬೇಕಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಬೇಕು. 2010ರ ಆ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಪರಿಹಾರವನ್ನೂ ಕೇಳಬಹುದು, ಕೆಟ್ಟದ್ದನ್ನು ಸರಿಪಡಿಸಿಕೊಡಿ ಎಂದೂ ಕೇಳಬಹುದು. ಐದು ವರ್ಷದ ಕಾಲಮಿತಿ ಇದೆ. 20ನೇ ಸೆಕ್ಷನ್, ನ್ಯಾಯಮಂಡಳಿ ಈ ಎರಡೂ ತತ್ವಗಳನ್ನು ಅನ್ವಯಿಸಲೇಬೇಕು ಎನ್ನುತ್ತದೆ. ನಮಗೆ ಹತ್ತಿರದ ಪೀಠ ಚೆನ್ನೈ. ನಷ್ಟಕ್ಕೆ ದಾಖಲೆ ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಟ್ಯಾಂಕರ್ ನೀರಿಗೆ ರಸೀದಿ ಯಾರು ಇಟ್ಟುಕೊಳ್ಳುತ್ತಾರೆ?

ಒಬ್ಬ ಸೊಸೆ ಇಟ್ಟುಕೊಂಡಿದ್ದರು. ರಸೀದಿ ಅಲ್ಲ, ಡೈರಿಗೆ ಹಾಲು ಹಾಕುವ ಪುಸ್ತಕ. ಅದರ ಕೊನೆಯ ಹಾಳೆಯಲ್ಲಿ ನೀಲಿ ಪೆನ್ನಿನಲ್ಲಿ ತಾರೀಖು, ಪಕ್ಕದಲ್ಲಿ "ಟ್ಯಾಂಕರ್ ಅರ್ಧ" ಅಥವಾ "ಟ್ಯಾಂಕರ್ ಪೂರ್ತಿ", ಅದರ ಮುಂದೆ ಕೊಟ್ಟ ಹಣ. ಎರಡು ಕಡೆ "ವಾಸನೆ, ದನ ಕುಡಿಲಿಲ್ಲ" ಎಂದಿತ್ತು. ಪುಸ್ತಕದ ಒಳಗಿನ ಹಾಳೆಗಳಲ್ಲಿ ಅದೇ ದಿನಗಳ ಹಾಲಿನ ಲೀಟರ್ ಲೆಕ್ಕ, ಡೈರಿಯವರ ಸಹಿ ಸಮೇತ. ಯಾರೋ ಆಮೇಲೆ ಕೂತು ಬರೆದದ್ದು ಎನ್ನಲು ಆಗದಂಥ ಪುಸ್ತಕ. ಅದರಲ್ಲಿ 37 ದಿನ ಇತ್ತು.

ನಾವು ಚೆನ್ನೈಗೆ ಹೋಗಲಿಲ್ಲ. ಹನ್ನೊಂದು ಮನೆಯವರಿಗೆ ಕೆಲಸ ಹೋಗುವ ಭಯ ಇತ್ತು, ಅದನ್ನು ಹುಸಿ ಭಯ ಎನ್ನಲಾರೆ. ಪುಸ್ತಕದ ಜೆರಾಕ್ಸ್ ಹಿಡಿದು ಮಾಲೀಕರ ಮನೆಗೆ ಹೋದೆವು. ಅವರು ಎರಡು ಸಲ ಓದಿದರು. ಮೂರು ಬಾವಿ ತೊಳೆಸುವ ಖರ್ಚು, ಆ 37 ದಿನದ ಟ್ಯಾಂಕರ್ ಹಣ ಕೊಡಲು ಒಪ್ಪಿದರು. ತೆರಬೇಕಾದವರು ತೆತ್ತರು, ನಿಜ. ಆದರೆ ಬಾವಿಯ ವಾಸನೆ ಮಾರ್ಚ್‌ವರೆಗೂ ಹೋಗಲಿಲ್ಲ. ಹಳ್ಳದ ಮೀನಿಗೆ ಯಾರು ಬೆಲೆ ಕಟ್ಟುವುದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಬೇಸಿಗೆ: ಅಡಿಕೋಲು ಮತ್ತು ಗುಣಾಕಾರ

ಪ್ರಕರಣ ತಿರುಗಿದ್ದು ಇಲ್ಲಿ. ಏಪ್ರಿಲ್‌ನಲ್ಲಿ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ, ಆ ಪಲ್ಪರ್‌ಗೆ ನಡೆಯಲು ಮಂಡಳಿ ಕೊಟ್ಟ ಸಮ್ಮತಿ ಪತ್ರ ಮತ್ತು ಅದಕ್ಕೆ ಹಾಕಿದ್ದ ಅರ್ಜಿಯ ಪ್ರತಿ ತರಿಸಿದೆ. ಅರ್ಜಿಯಲ್ಲಿ ಹೀಗಿತ್ತು: ಪಲ್ಪಿಂಗ್ 25 ದಿನ, ದಿನಕ್ಕೆ ನೀರು 8,000 ಲೀಟರ್. ಒಟ್ಟು ಎರಡು ಲಕ್ಷ ಲೀಟರ್. ಟ್ಯಾಂಕ್ ನಾಲ್ಕು ಲಕ್ಷ ಲೀಟರಿನದು. ಕಾಗದದ ಮೇಲೆ ಟ್ಯಾಂಕ್ ಅರ್ಧ ಮಾತ್ರ ತುಂಬುತ್ತದೆ, ಹಳ್ಳಕ್ಕೆ ಒಂದು ತೊಟ್ಟೂ ಹೋಗುವುದಿಲ್ಲ.

ತೋಟದಲ್ಲಿ ಪಲ್ಪರ್ ನಡೆಸುತ್ತಿದ್ದವರೇ ನಮ್ಮೂರಿನವರು. ಹತ್ತು ಸಾವಿರ ಲೀಟರಿನ ಸಿಂಟೆಕ್ಸನ್ನು ದಿನಕ್ಕೆ ಎರಡು ಸಲ ಖಾಲಿ ಮಾಡುತ್ತೇವೆ, ಕೆಲಸ ಐವತ್ತು ದಿನ ಎಂದರು. ಅಲ್ಲಿಗೆ ಹತ್ತು ಲಕ್ಷ ಲೀಟರ್. ಟ್ಯಾಂಕಿನ ಅಳತೆ 20 ಮೀಟರ್ ಉದ್ದ, 8 ಮೀಟರ್ ಅಗಲ, ಎರಡೂವರೆ ಮೀಟರ್ ಆಳ. ಸರಿಯಾಗಿ ನಾಲ್ಕು ಲಕ್ಷ ಲೀಟರ್. ಅಂದರೆ ಇಪ್ಪತ್ತನೇ ದಿನ ಟ್ಯಾಂಕ್ ತುಂಬುತ್ತದೆ. ಇನ್ನು ಮೂವತ್ತು ದಿನದ ಆರು ಲಕ್ಷ ಲೀಟರ್ ಎಲ್ಲಿಗೆ?

"ಬಿಸಿಲಿಗೆ ಆರುತ್ತೆ" ಎಂದರು ತೋಟದ ಕಡೆಯವರು. ದಿನಕ್ಕೆ ನಾಲ್ಕು ಮಿಲಿಮೀಟರ್ ಆರಿತು ಎಂದು ಉದಾರವಾಗಿ ಹಿಡಿಯೋಣ. 160 ಚದರ ಮೀಟರ್ ಮೇಲೆ ಅದು 640 ಲೀಟರ್. ಬರುವುದು 20,000. ಐವತ್ತು ದಿನಕ್ಕೂ 32,000 ಲೀಟರ್ ಮಾತ್ರ ಆರುತ್ತದೆ, ಎರಡು ದಿನದ ನೀರೂ ಅಲ್ಲ.

"ಹಾಗಾದ್ರೆ ನೆಲಕ್ಕೆ ಇಂಗುತ್ತೆ." ಟ್ಯಾಂಕಿಗೆ ತಳದಲ್ಲಿ ಶೀಟೂ ಇಲ್ಲ, ಸಿಮೆಂಟೂ ಇಲ್ಲ, ಆದ್ದರಿಂದ ಇಂಗುವುದು ನಿಜ. ಇಂಗಿದ ನೀರು ಇಳಿಜಾರಿನಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ರೈಟರ್ ಬಾವಿಗಳ ಕಡೆ ನೋಡಿದರು, ಮಾತಾಡಲಿಲ್ಲ.

ಈ ಲೆಕ್ಕಕ್ಕೆ ಲ್ಯಾಬ್ ಬೇಕಾಗಲಿಲ್ಲ, ಹಳ್ಳ ಕೆಡುವವರೆಗೆ ಕಾಯಬೇಕಾಗಲಿಲ್ಲ. ಮುನ್ನೆಚ್ಚರಿಕೆ ತತ್ವ ಕೆಲಸಕ್ಕೆ ಬರುವುದು ಇಲ್ಲಿ. ಹೈದರಾಬಾದಿನ ಹಿಮಾಯತ್ ಸಾಗರ್, ಉಸ್ಮಾನ್ ಸಾಗರ್ ಜಲಾಶಯಗಳ ಹತ್ತಿರ ಕಂಪನಿಯೊಂದು ಕಾರ್ಖಾನೆ ಕಟ್ಟಲು ಹೊರಟಿದ್ದಕ್ಕೆ ಸಂಬಂಧಿಸಿದ ನಾಯುಡು ಪ್ರಕರಣದಲ್ಲಿ, 1999ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ವಿಜ್ಞಾನ ಖಚಿತವಾಗಿ ಹೇಳದೆ ಇರುವಾಗ ತಪ್ಪುವುದಾದರೆ ಎಚ್ಚರಿಕೆಯ ಕಡೆಗೇ ತಪ್ಪಬೇಕು. ಇರುವ ಸ್ಥಿತಿಯನ್ನು ಬದಲಿಸಲು ಹೊರಟವರೇ ಹಾನಿ ಇಲ್ಲ ಎಂದು ತೋರಿಸಬೇಕು. ಆ ಕಾರ್ಖಾನೆ ಆಗ ಒಂದು ಹನಿ ನೀರನ್ನೂ ಕೆಡಿಸಿರಲಿಲ್ಲ ಅನ್ನುವುದೇ ಮುಖ್ಯ.

ಇದಕ್ಕೂ ಮಿತಿ ಇದೆ. 2000ದ ನರ್ಮದಾ ತೀರ್ಪಿನಲ್ಲಿ ಅದೇ ಕೋರ್ಟ್, ಹಾನಿ ಎಷ್ಟೆಂದು ಗೊತ್ತಿಲ್ಲದ ಮಾಲಿನ್ಯದ ಪ್ರಕರಣಗಳಿಗೆ ಈ ಹೊಣೆ ಬದಲಾವಣೆ ಸರಿ, ಪರಿಣಾಮ ಮೊದಲೇ ಗೊತ್ತಿರುವ ಅಣೆಕಟ್ಟಿಗೆ ಅಲ್ಲ ಎಂದಿತು. ಬರೀ ಅನುಮಾನ ಸಾಲದು ಅನ್ನುವುದೂ ಅಷ್ಟೇ ನಿಜ. ಊರಿನ ಕೆಲವರು ಪಲ್ಪರನ್ನೇ ಮುಚ್ಚಿಸಿ ಎಂದು ಬರೆಯಲು ಹೇಳಿದ್ದರು. ನಾನು ಬರೆಯಲಿಲ್ಲ. ಆರು ಲಕ್ಷ ಲೀಟರಿಗೆ ಜಾಗ ತೋರಿಸಿದರೆ ಅಪಾಯ ತಪ್ಪುತ್ತದೆ ಎಂದಾಗ, ಮುಚ್ಚಿಸಿ ಎಂದು ಕೇಳುವುದು ಅಪಾಯಕ್ಕಿಂತ ದೊಡ್ಡ ಮದ್ದು.

ಸಮ್ಮತಿ ನವೀಕರಣ ಬರುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್‌ನಲ್ಲೇ ಒಂದೂವರೆ ಪುಟದ ಪತ್ರ ಕೊಟ್ಟೆವು. ಅದರಲ್ಲಿ ಪರಿಹಾರದ ಮಾತೇ ಇರಲಿಲ್ಲ. ಮೇಲಿನ ಗುಣಾಕಾರ, ಕಳೆದ ವರ್ಷದ ಸೀಲ್ ಹಾಕಿದ ವರದಿ, ಒಂದು ಪ್ರಶ್ನೆ: ಇಪ್ಪತ್ತೊಂದನೇ ದಿನದ ನೀರು ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದ ಮೇಲೆ ನವೀಕರಿಸಿ.

ನವೀಕರಣಕ್ಕೆ ಷರತ್ತು ಬಂತು. ಟ್ಯಾಂಕಿಗೆ ಶೀಟ್ ಹಾಸಬೇಕು. ನೀರಿನ ಮೀಟರ್ ಕೂರಿಸಿ ದಿನಾ ಬರೆದಿಡಬೇಕು. ಸುಣ್ಣ ಹಾಕಿ ಹುಳಿ ತೆಗೆದು, ತಂಗಿಸಿ, ಸಂಸ್ಕರಿಸಿದ ನೀರನ್ನು ಹಳ್ಳದಿಂದ ದೂರದ ತೋಟಕ್ಕೇ ಬಿಡಬೇಕು. ಜೊತೆಗೆ ಎರಡು ಲಕ್ಷ ರೂಪಾಯಿ ಬ್ಯಾಂಕ್ ಗ್ಯಾರಂಟಿ. ಗ್ಯಾರಂಟಿ ಕೇಳುವ ಅಧಿಕಾರ ಮಂಡಳಿಗೆ ಇದೆಯೇ ಎಂದು ಮಾಲೀಕರ ವಕೀಲರು ತಕರಾರು ತೆಗೆದರು. ಆಮೇಲೆ ಪಟ್ಟು ಹಿಡಿಯದೆ ಮಾಲೀಕರು ಗ್ಯಾರಂಟಿ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಮಾಲಿನ್ಯ ನಿಯಂತ್ರಣ ಸಮಿತಿಯ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಹಾನಿ ಆಗುವ ಮೊದಲೇ ಬ್ಯಾಂಕ್ ಗ್ಯಾರಂಟಿ ಕೇಳುವ, ಪರಿಹಾರ ವಿಧಿಸುವ ಅಧಿಕಾರ ಮಂಡಳಿಗಳಿಗೆ ಇದೆ, ಆದರೆ ಅದಕ್ಕೆ ನಿಯಮ ರೂಪಿಸಿದ ಮೇಲೆ ಮಾತ್ರ ಬಳಸಬೇಕು ಎಂದು. ಟಿಪ್ಪಣಿ ಬರೆಯುವವರು ಈ "ನಿಯಮ ಆದ ಮೇಲೆ" ಅನ್ನುವುದನ್ನು ಬಿಡಬಾರದು.

ಮೂರನೇ ಸೀಸನ್

ಮಾಲೀಕರು ನಾವು ನಿರೀಕ್ಷಿಸದ ಕೆಲಸ ಮಾಡಿದರು. ಎರಡನೇ ಟ್ಯಾಂಕ್ ತೋಡುವ ಬದಲು ನೀರನ್ನೇ ಕಡಿಮೆ ಮಾಡಿದರು. ಪಲ್ಪರ್‌ನ ನೀರನ್ನು ಸೋಸಿ ಅದಕ್ಕೇ ಮತ್ತೆ ಬಿಟ್ಟರು, ತಾಜಾ ನೀರು ಕೊನೆಯ ತೊಳೆತಕ್ಕೆ ಮಾತ್ರ. ರೊಬಸ್ಟಾವನ್ನು ಪಲ್ಪ್ ಮಾಡದೆ ಹಣ್ಣನ್ನೇ ಒಣಗಿಸಿ ಚೆರ್ರಿ ಮಾಡಿದರು. ಮೀಟರ್ ಪುಸ್ತಕದಲ್ಲಿ ದಿನಕ್ಕೆ ಏಳು ಸಾವಿರ ಲೀಟರ್, ಒಟ್ಟು 38 ದಿನ. ಟ್ಯಾಂಕಿನಲ್ಲೇ ಕೂರುವಷ್ಟು. "ಮೀಟರ್ ಇಲ್ಲದಿದ್ರೆ ನನಗೇ ಗೊತ್ತಿರಲಿಲ್ಲ ಇಷ್ಟು ನೀರು ಸುರೀತಾ ಇದ್ವಿ ಅಂತ" ಎಂದರು ಒಮ್ಮೆ. ನಂಬಬಹುದಾದ ಮಾತು.

ಮೇಲಿನ ಎರಡು ತೋಟಗಳ ಪಲ್ಪರ್‌ಗಳಿಗೆ ಇಂಥ ಷರತ್ತು ಇನ್ನೂ ಇಲ್ಲ. ಆ ವರ್ಷ ಮೇಲಿನ ಸ್ಯಾಂಪಲ್ 4ರಿಂದ 11ಕ್ಕೆ ಏರಿತ್ತು. ಸರಿಮಾಡಿಕೊಂಡವರು ಖರ್ಚು ಮಾಡಿದರು, ಮಾಡದವರಿಗೆ ಸದ್ಯಕ್ಕೆ ಏನೂ ಆಗಲಿಲ್ಲ. ವೆಲ್ಲೂರಿನಲ್ಲಿ ಕೋರ್ಟ್ ಪ್ರತಿ ಘಟಕಕ್ಕೂ ಹತ್ತು ಸಾವಿರ ಎಂದು ಒಂದೇ ದಂಡ ಹಾಕಿತ್ತು. ಒಂದೇ ಹಳ್ಳಕ್ಕೆ ಮೂರು ಪಲ್ಪರ್ ಇರುವಲ್ಲಿ ಮೀಟರಿನ ಲೀಟರ್ ಲೆಕ್ಕದಲ್ಲಿ ಹಂಚುವುದೇ ನ್ಯಾಯ ಎಂದು ನನ್ನ ಅಭಿಪ್ರಾಯ. ಅದಕ್ಕೆ ಮೂರು ಕಡೆಯೂ ಮೀಟರ್ ಇರಬೇಕು.

ಜನವರಿ ಮೊದಲ ವಾರ ಅಕಾಲ ಮಳೆ ಬಂತು. ಕಣದ ಮೇಲೆ ಬಿದ್ದ ನೀರೆಲ್ಲ ಟ್ಯಾಂಕಿಗೇ ಇಳಿಯುವಂತೆ ಕಾಲುವೆ ಇದ್ದದ್ದನ್ನು ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ, ನನ್ನ ಗುಣಾಕಾರದಲ್ಲೂ ಅದು ಇರಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ತೋಟದ ರೈಟರ್. "ಸಾರ್, ಟ್ಯಾಂಕ್ ಕಟ್ಟೆಗೆ ಒಂದು ಗೇಣು ಬಾಕಿ ಇದೆ. ಕಣದ ಕಾಲುವೆ ಕಡಿದು ತೋಟದ ಕಡೆ ತಿರುಗಿಸ್ತಾ ಇದೀವಿ. ಬಾವಿ ಮನೆಯವರಿಗೆ ಒಂದು ಮಾತು ಹೇಳಿಬಿಡಿ, ಇವತ್ತು ನೀರು ಸೇದಿಟ್ಕೊಳ್ಳಲಿ."